ಅಣ್ಣನ ಹೆಗಲಿನ ತಿಳಿನೀಲಿ ಅಂಗಿ

ಮಕ್ತಲದ ಬಸ್‌ಸ್ಟ್ಯಾಂಡಿನ ಎದುರು ಓಣಿಯಲ್ಲಿ ಒಂದೇ ಶಟರಿನ ಫೋಟೋ ಸ್ಟುಡಿಯೋ ನಮ್ಮದು. ನಮ್ಮದು ಅನ್ನುವುದು ರೂಢಿ, ನಿಜದಲ್ಲಿ ಅದು ನಮ್ಮಣ್ಣನದು. ಗದ್ವಾಲದಲ್ಲಿ ಒಬ್ಬ ಉಸ್ತಾದರ ಹತ್ತಿರ ಕೆಲಸ ಕಲಿತು ಬಂದು ಅವನು ಅದನ್ನು ತೆರೆದಾಗ ಅವನ ತಂಗಿ ನಾನಿನ್ನೂ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದೆ. ರಾಯಚೂರಿನ ಗಡಿಗೆ ಹತ್ತಿದ ಮಾಗನೂರಿನ ಕಡೆಯ ಕುರಿ ಕಾಯುವವರು ನಾವು, ಮನೆಮಾತು ಕನ್ನಡ. ಅಪ್ಪ ತೀರಿಕೊಂಡ ಮೇಲೆ ಕುರಿಗಳನ್ನು ಚಿಕ್ಕಪ್ಪನ ಮಂದೆಗೆ ಸೇರಿಸಿ, ಅವ್ವನನ್ನೂ ನನ್ನನ್ನೂ ಕರೆದುಕೊಂಡು ಅಣ್ಣ ಮಕ್ತಲಕ್ಕೆ ಬಂದ. ಬಾಡಿಗೆಯ ಮನೆ ಸ್ಟುಡಿಯೋದ ಹಿಂದಿನ ಸಂದಿಯಲ್ಲೇ ಇತ್ತು. ಅವ್ವ ಒಲೆಯ ಮುಂದೆ ಕೂತು ಕರೆದರೆ ಅಣ್ಣನಿಗೆ ಅಂಗಡಿಯಲ್ಲಿ ಕೇಳುತ್ತಿತ್ತು.

ಆಗ ತೆಲಂಗಾಣ ಹೊಸದಾಗಿ ಬಂದಿತ್ತು. ಹೊಸ ರಾಜ್ಯಕ್ಕೆ ಹೊಸ ಕಾರ್ಡುಗಳು, ಹೊಸ ಅರ್ಜಿಗಳು. ಗದ್ವಾಲ ಜಿಲ್ಲೆಯಾಯಿತು, ಆಮೇಲೆ ನಾರಾಯಣಪೇಟೆಯೂ ಆಯಿತು. ಎಲ್ಲದಕ್ಕೂ ಫೋಟೋ ಬೇಕು. ಸರ್ಕಾರಿ ಅರ್ಜಿ ಹಾಕುವ ಮೀಸೇವಾ ಕೇಂದ್ರದ ಮುಂದೆ ನಿಂತವರು ಅಲ್ಲಿಂದ ಸೀದಾ ನಮ್ಮ ಅಂಗಡಿಗೆ ಬರುತ್ತಿದ್ದರು. ಹೊಲದಿಂದ ಬಂದವರು, ಟಿಪ್ಪರ್ ಮೇಲಿಂದ ಇಳಿದು ಬಂದವರು, ಕಾಲೇಜಿನ ಹುಡುಗರು. ಬಹಳ ಜನ ಟೀ-ಶರ್ಟಿನಲ್ಲೇ ಇರುತ್ತಿದ್ದರು. ಎದೆಯ ಮೇಲೆ ಹುಲಿಯ ಚಿತ್ರ, ಇಲ್ಲವೇ ಯಾವುದೋ ಕ್ರಿಕೆಟ್ ಟೀಮಿನ ಅಕ್ಷರ. ಕೆಲವು ಕೆಲಸಗಳಿಗೆ, ಅದರಲ್ಲೂ ಕಂಪನಿ ಕಾರ್ಡಿಗೆ, ಹಾಲ್ ಟಿಕೆಟ್ಟಿಗೆ, ಕಾಲರಿನ ಅಂಗಿಯೇ ಬೇಕೆಂದು ಹೇಳಿ ಕಳಿಸಿರುತ್ತಿದ್ದರು.

ಅಂಥವರಿಗಾಗಿ ಕನ್ನಡಿಯ ಪಕ್ಕದ ಮೊಳೆಗೆ ಅಣ್ಣ ಒಂದು ಅಂಗಿ ತೂಗುಹಾಕಿದ್ದ. ಎಲ್ಲರೂ ಅದನ್ನೇ ತೊಟ್ಟು ಕೂರಬೇಕು. ದಪ್ಪಗಿದ್ದವರಿಗೆ ಗುಂಡಿ ಹತ್ತುತ್ತಿರಲಿಲ್ಲ, ತೆಳ್ಳಗಿದ್ದವರಿಗೆ ಹಿಂದಿನಿಂದ ಬಟ್ಟೆ ಹಿಡಿದು ಕ್ಲಿಪ್ ಹಾಕಬೇಕಿತ್ತು. ಬೇಸಿಗೆಯಲ್ಲಿ ಆ ಕಾಲರಿನ ಒಳಗೆ ಯಾರ್ಯಾರದೋ ಬೆವರಿನ ಗೆರೆ. ಒಮ್ಮೆ ಕೊತ್ತಪಲ್ಲಿ ಕಡೆಯ ಒಬ್ಬ ಮಾಸ್ತರರು ಅಂಗಿಯನ್ನು ಮೂಗಿನ ಹತ್ತಿರ ಹಿಡಿದು ಹಾಗೇ ಮೊಳೆಗೆ ಹಾಕಿ, "ಇದನ್ನ ಹಾಕ್ಕೊಳ್ಳಾಕ ಆಗಂಗಿಲ್ಲ ಬಿಡ್ರಿ" ಎಂದು ಹೊರಟುಹೋದರು. ಆ ದಿನವೇ ಅಣ್ಣ ನಿರ್ಧಾರ ಮಾಡಿದ.

"ಅಂಗಿ ಕಂಪ್ಯೂಟರದಾಗ ಇರ್ಲಿ. ಯಾರೂ ತೊಡೋದು ಬ್ಯಾಡ" ಎಂದ.

ಮುಖದ ಕೆಳಗೆ ಅಂಟಿಸಲೆಂದು ಇಂಟರ್‌ನೆಟ್ಟಿನಲ್ಲಿ ಸಿಗುವ ಕೋಟು-ಟೈಗಳ ಚಿತ್ರಗಳು ಅವನಿಗೆ ಸೇರುತ್ತಿರಲಿಲ್ಲ. ಆ ಹೆಗಲುಗಳು ನಮ್ಮ ಕಡೆಯವರ ಹೆಗಲಲ್ಲ ಅನ್ನುತ್ತಿದ್ದ. ಬಟ್ಟೆ ತಂದು, ಮಕ್ತಲದ ದರ್ಜಿಯ ಹತ್ತಿರ ಸಾದಾ ಅಂಗಿಯೊಂದನ್ನು ಹೊಲಿಸಿದ. ಬಿಳಿಯದಲ್ಲ, ತಿಳಿನೀಲಿ. ಬಿಳಿ ಪರದೆಯ ಮುಂದೆ ಬಿಳಿ ಅಂಗಿ ಹಾಕಿದರೆ ಹೆಗಲಿನ ಅಂಚು ಕಾಣದೆ ಪರದೆಯಲ್ಲಿ ಕರಗಿಬಿಡುತ್ತದೆ. ಅಂಗಿಗೆ ಇಸ್ತ್ರಿ ಹಾಕಿಸಿ, ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ತಾನೇ ಪರದೆಯ ಮುಂದೆ ನಿಂತ. ಕ್ಯಾಮೆರಾ ನನ್ನ ಕೈಗೆ ಕೊಟ್ಟ. ನಾನು ತೆಗೆದ ಮೊದಲ ಫೋಟೋ ಅದೇ.

"ಮುಖ ಬ್ಯಾಡ ನಂದು. ಗದ್ದದಿಂದ ಕೆಳಗ ನೋಡು" ಎಂದ. ನನಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡ ಬೇ, ಕೈ ಅಲ್ಲಾಡತೈತಿ" ಎಂದು ತಾನೂ ನಕ್ಕ.

ಮೂರು ಸಲ ತೆಗೆಸಿದ. ದೀಪ ಎರಡೂ ಕಡೆ ಸಮನಾಗಿದ್ದಾಗ ಒಂದು, ಎಡದಿಂದ ಹೆಚ್ಚು ಬೆಳಕಿದ್ದಾಗ ಒಂದು, ಬಲದಿಂದ ಒಂದು. ಯಾಕೆಂದು ಕೇಳಿದೆ. ಜನ ಮೊಬೈಲಿನಲ್ಲಿ ತೆಗೆದ ಫೋಟೋ ತಂದರೆ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆಯೋ ಅಂಗಿಯ ಮೇಲೂ ಆ ಕಡೆಯಿಂದಲೇ ಬಿದ್ದಿರಬೇಕು, ಇಲ್ಲದಿದ್ದರೆ ತಲೆ ಒಬ್ಬನದು ಮೈ ಒಬ್ಬನದು ಅಂತ ತಿಳಿದುಬಿಡುತ್ತದೆ ಎಂದ. ಹಾಗಾದರೆ ಒಂದೇ ಫೋಟೋವನ್ನು ಕಂಪ್ಯೂಟರಿನಲ್ಲಿ ಬಲಕ್ಕೆ ಎಡಕ್ಕೆ ತಿರುಗಿಸಿದರಾಯಿತಲ್ಲ ಎಂದೆ. "ಜೇಬು ಬಲಕ್ಕ ಬರತೈತಿ, ಗುಂಡಿ ಪಟ್ಟಿ ಉಲ್ಟಾ ಆಗತೈತಿ. ಗಂಡಸರ ಅಂಗಿ ಹಂಗ ಇರಂಗಿಲ್ಲ" ಎಂದ.

ಕೆಲಸವನ್ನು ಅವನೇ ಕಲಿಸಿದ. ಟೀ-ಶರ್ಟನ್ನು ಕುತ್ತಿಗೆಯ ಗೆರೆಯವರೆಗೆ ಅಳಿಸಬೇಕು. ಕಾಲರನ್ನು ಎರಡು ತುಂಡು ಮಾಡಬೇಕು. ಹಿಂದಿನ ತುಂಡು ಕುತ್ತಿಗೆಯ ಹಿಂದೆ, ಮುಂದಿನದು ಕುತ್ತಿಗೆಯ ಮುಂದೆ. ಕುತ್ತಿಗೆ ಅವೆರಡರ ನಡುವೆ ಕೂತರೆ ತೊಟ್ಟ ಹಾಗೆ ಕಾಣುತ್ತದೆ, ಇಲ್ಲದಿದ್ದರೆ ಅಂಟಿಸಿದ ಹಾಗೆ. ಗದ್ದದ ನೆರಳನ್ನು ಕಾಲರಿನ ಮೇಲೆ ಮೆತ್ತಗೆ ಬರಿಸಬೇಕು. ಕೆಂಪು ಟೀ-ಶರ್ಟ್ ಹಾಕಿದವರಿಗೆ ದವಡೆಯ ಕೆಳಗೆ ಕೆಂಪು ಛಾಯೆ ಬಿದ್ದಿರುತ್ತದೆ, ಬಟ್ಟೆ ಹೋದ ಮೇಲೂ ಅದು ಅಲ್ಲೇ ಉಳಿಯುತ್ತದೆ, ಅದನ್ನು ಹುಡುಕಿ ತೆಗೆಯಬೇಕು. ಹಿಂದಿನ ಪರದೆ ಸಾದಾ ಇದ್ದರೆ ಇದ್ದ ಹಾಗೇ ಬಿಡಬೇಕು. ಕೂದಲಿನ ಅಂಚು ಕತ್ತರಿಸಿದ ಹಾಗೆ ಆಗಬಾರದು.

ಇಷ್ಟೆಲ್ಲ ಮಾಡುವಾಗ ಮುಖವನ್ನು ಮಾತ್ರ ಮುಟ್ಟುವ ಹಾಗಿಲ್ಲ. ಅಂಗಿ ದೊಡ್ಡದಾದರೆ ಅಂಗಿಯನ್ನು ಕಿರಿದು ಮಾಡು, ತಲೆಯನ್ನು ಹಿಗ್ಗಿಸಬೇಡ. ತುಟಿ ಬಿಗಿದಿದ್ದರೆ ಬಿಗಿದೇ ಇರಲಿ. ಕೆನ್ನೆಯ ಮೇಲೆ ಕಲೆ ಇದ್ದರೆ ಇರಲಿ. "ಲಗ್ನದ ಫೋಟೋದಾಗ ಏನರ ಮಾಡು. ಇದು ಗುರುತಿನ ಫೋಟೋ. ಇದನ್ನ ನೋಡಿ ಅವನನ್ನ ಗುರ್ತು ಹಿಡಿಯೋರು ಇರ್ತಾರ" ಎನ್ನುತ್ತಿದ್ದ. ಪಾಸ್‌ಪೋರ್ಟಿಗೆಂದು ಬಂದವರಿಗೆ ಈ ಕೆಲಸವನ್ನೇ ಮಾಡುತ್ತಿರಲಿಲ್ಲ. ಮನೆಗೆ ಹೋಗಿ ಅಂಗಿ ಹಾಕಿಕೊಂಡು ಬನ್ನಿ ಎಂದು ಕಳಿಸುತ್ತಿದ್ದ.

ಹಾಗೆ ಅಣ್ಣನ ಮೈ ಊರಿನ ಗಂಡಸರ ಮುಖಗಳ ಕೆಳಗೆ ಹೋಗಿ ಕೂರತೊಡಗಿತು. ನಾನದನ್ನು ಆಗ ಹೀಗೆ ಯೋಚಿಸಿರಲಿಲ್ಲ. ಅದೊಂದು ಫೈಲು ಅಷ್ಟೇ. ಅಣ್ಣ ಪಕ್ಕದಲ್ಲೇ ಕೂತಿರುತ್ತಿದ್ದ, ಚಹಾ ಕುಡಿಯುತ್ತ, ಗಿರಾಕಿಗಳ ಜೊತೆ ತೆಲುಗಿನಲ್ಲಿ ಹರಟುತ್ತ.

ಆಮೇಲೆ ನನ್ನ ಮದುವೆಯಾಯಿತು, ನಾರಾಯಣಪೇಟೆಗೆ ಹೋದೆ. ನನ್ನ ಯಜಮಾನರು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಕೆಲಸ ಬಿಡಬೇಡ ಎಂದವರೂ ಅವರೇ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಕ್ತಲಕ್ಕೆ ಬರುತ್ತಿದ್ದೆ. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಕ್ಯಾಮೆರಾದ ಫೋನು ಬಂದಿತ್ತು. ಮದುವೆಗಳಿಗೆ ಹೈದರಾಬಾದಿನಿಂದ ಡ್ರೋನ್ ತರುವವರು ಬಂದರು. ಅಣ್ಣ ಮದುವೆ ಕೆಲಸಕ್ಕೆಂದು ಹೊಡೆಯುತ್ತಿದ್ದ ವ್ಯಾನು ಅಂಗಡಿಯ ಮುಂದೆ ನಿಂತೇ ಇರುತ್ತಿತ್ತು. ಗದ್ವಾಲದ ಅವನ ಗೆಳೆಯನೊಬ್ಬ ಗಲ್ಫಿನ ಮಸ್ಕತ್‌ನಲ್ಲಿದ್ದ. ಅಲ್ಲಿ ಒಂದು ಕಂಪನಿಗೆ ವ್ಯಾನಿನ ಡ್ರೈವರ್ ಬೇಕಾಗಿದ್ದಾನೆ ಎಂದ. ಅಣ್ಣ ಬಹಳ ದಿನ ಲೆಕ್ಕ ಹಾಕಿದ. ಒಂದು ದಿನ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ.

"ಎರಡು ವರ್ಷ. ಕರಾರು ಮುಗೀತಂದ್ರ ಬರ್ತೀನಿ. ತಂಗಿ ಅಂಗಡಿ ನೋಡ್ಕೊಂತಾಳ."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಬಂದ ಮ್ಯಾಲ ಹೆಣ್ಣು ನೋಡೂನು" ಎಂದಳು. ಅಷ್ಟೇ.

ಅವನು ಹೋದ ಮೇಲೆ ಅವ್ವನಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ನಾನು ಶಟರ್ ಎತ್ತುವ ಹೊತ್ತಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಕೋಸಗಿಯ ಕಡೆಯ ಒಬ್ಬ ಯುವಕನ ಫೋಟೋ ಹಾಳೆ ಪ್ರಿಂಟರಿನಿಂದ ಬಂದಿತ್ತು. ಬೇರೆ ಬೇರೆ ಕತ್ತರಿಸಿ ಕವರಿಗೆ ಹಾಕುವ ಮೊದಲು ಮೇಜಿನ ಮೇಲೆ ಇಟ್ಟಿದ್ದೆ. ಅವ್ವ ಅದನ್ನು ಕೈಗೆ ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಇದು ಯಾರದು?"

"ಕೋಸಗಿ ಹುಡುಗಂದು ಅವ್ವಾ. ಸಂಜೀಗೆ ಬರ್ತಾನ ಒಯ್ಯಾಕ."

"ಮುಖ ಅವಂದು. ಈ ಹೆಗಲು ನನ್ನ ಮಗಂದು" ಎಂದಳು.

ನಾನು ಎದ್ದು ಹೋಗಿ ನೋಡಿದೆ. ಎಷ್ಟು ಸಲ ಕೈಯಾಡಿಸಿದ ಫೈಲು ಅದು. ಆದರೂ ಅವ್ವ ಬೆರಳಿಟ್ಟು ತೋರಿಸುವವರೆಗೆ ನನಗೆ ಕಂಡಿರಲಿಲ್ಲ. ಬಲ ಹೆಗಲು ಎಡದ್ದಕ್ಕಿಂತ ಚೂರು ಇಳಿದಿತ್ತು. ಚಿಕ್ಕವನಿದ್ದಾಗ ನಡೆಯಲಾರದ ಕುರಿಮರಿಗಳನ್ನು ಆ ಹೆಗಲ ಮೇಲೆ ಹೊತ್ತು ಅಪ್ಪನ ಹಿಂದೆ ಹೋಗುತ್ತಿದ್ದ. ಆಮೇಲೆ ಕ್ಯಾಮೆರಾ ಬ್ಯಾಗು ಕೂಡ ಅದೇ ಹೆಗಲಿಗೆ.

"ಹೌದವ್ವಾ, ಅಣ್ಣಂದ" ಎಂದೆ. ಅಂಗಿಯ ಸಂಗತಿ ವಿವರಿಸಿದೆ. ಅವಳಿಗೆ ಕಂಪ್ಯೂಟರಿನ ಮಾತು ತಿಳಿಯಿತೋ ಇಲ್ಲವೋ. "ಅಂದ್ರ ಊರ ಮಂದಿ ಎಲ್ಲಾ ಅವನನ್ನ ತೊಟ್ಟಾರ" ಎಂದು ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು.

ಆ ದಿನದಿಂದ ನನ್ನ ಕೆಲಸ ಬದಲಾಯಿತು. ಯಾರಾದರೂ, "ಅಕ್ಕಾ, ಷರ್ಟ್ ಮಾರ್ಚಾಲಿ" ಎಂದು ತೆಲುಗಿನಲ್ಲಿ ಕೇಳಿ ಫೋನು ಚಾಚಿದರೆ, ಅಂಗಿ ಬದಲಿಸಲೆಂದು ಆ ಫೈಲು ತೆರೆದ ಕೂಡಲೇ ಮೊದಲು ಹೆಗಲು ಕಾಣುತ್ತಿತ್ತು. ತಲೆಯಿಲ್ಲದೆ ನಿಂತ ಅಣ್ಣ. ನಗು ತಡೆದುಕೊಂಡು ನಿಂತಿದ್ದನಲ್ಲ, ಆ ಉಸಿರು ಕೂಡ ಎದೆಯ ಬಟ್ಟೆಯಲ್ಲಿ ಇದೆ ಅನಿಸುತ್ತಿತ್ತು. ಬೇರೆಯವರ ಮುಖ ತಂದು ಇಡುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು. ಅವ್ವನೂ ಪ್ರತಿ ಹಾಳೆಯನ್ನು ಕೇಳಿ ನೋಡುತ್ತಿದ್ದಳು. ಬೇರೆ ಅಂಗಿಯ ಫೋಟೋ ಆದರೆ ಹಾಗೇ ವಾಪಸು ಕೊಡುತ್ತಿದ್ದಳು.

ಅಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಬಿಸಿಲು, ಊಟ, ರೂಮಿನವರು. ಎಲ್ಲ ಚೊಲೋ ಐತಿ ಎನ್ನುತ್ತಿದ್ದ. ವಿಡಿಯೋ ಹಾಕು ಎಂದರೆ ನೆಟ್ ಬರಂಗಿಲ್ಲ ಎನ್ನುತ್ತಿದ್ದ. ಅವ್ವ ದಿನಗಳನ್ನು ಹಬ್ಬಗಳಿಂದ ಲೆಕ್ಕ ಹಾಕುತ್ತಿದ್ದಳು. ಎರಡನೆಯ ವರ್ಷ ಮುಗಿಯುತ್ತ ಬಂದಾಗ ಮನೆಗೆ ಸುಣ್ಣ ಹೊಡೆಸಿದಳು. ಬೀರಪ್ಪನ ಗುಡಿಗೆ ಹೋಗಿ ಬಂದಳು. ನಾರಾಯಣಪೇಟೆಯಲ್ಲಿ ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಹೆಣ್ಣು ಇದ್ದಾಳೆಂದು ನನ್ನಿಂದ ಕೇಳಿಸಿದಳು.

ಆಗಲೇ ಒಂದು ಮಧ್ಯಾಹ್ನ ಅಂಗಡಿಯ ಫೋನಿಗೆ ಅಣ್ಣನ ಫೋಟೋ ಬಂತು. ಕೆಳಗೆ ಅವನ ದನಿ: "ತಂಗೀ, ಕಂಪನಿ ಕಾರ್ಡಿಗೆ ಬೇಕು. ಕಾಲರಿನ ಅಂಗಿ ಇರಬೇಕಂತ, ಹಿಂದ ಬಿಳಿ ಇರಬೇಕಂತ. ಇವತ್ತ ಕಳ್ಸು. ಮುಖ ಮುಟ್ಟಬ್ಯಾಡ."

ಸುಣ್ಣದ ಗೋಡೆಯ ಮುಂದೆ ನಿಂತು ಯಾರಿಂದಲೋ ತೆಗೆಸಿದ್ದ ಫೋಟೋ. ಮೈಮೇಲೆ ಕಿತ್ತಳೆ ಬಣ್ಣದ ದುಂಡು ಕುತ್ತಿಗೆಯ ಟೀ-ಶರ್ಟ್. ಬೆಳಕು ಎಡದ ಕಿಟಕಿಯಿಂದ. ಎರಡು ವರ್ಷದ ಮೇಲೆ ಅವನ ಮುಖ ನೋಡುತ್ತಿದ್ದೆ. ಕೆನ್ನೆಗಳು ಒಳಗೆ ಹೋಗಿದ್ದವು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿದಿತ್ತು. ತುಟಿ ಮುಚ್ಚಿತ್ತು, ಕಣ್ಣು ಸೀದಾ ಇತ್ತು. ಬೇಜಾರೂ ಅಲ್ಲ, ನಗುವೂ ಅಲ್ಲ. ಸರತಿಯಲ್ಲಿ ನಿಂತವರ ಮುಖದ ಹಾಗೆ.

ಅವ್ವ ಬೆಂಚಿನಿಂದ ಎದ್ದು ಬಂದು ನನ್ನ ಹಿಂದೆ ನಿಂತಳು. "ಅವನಿಗೊಂದು ಅಂಗಿ ಸಿಗಲಿಲ್ಲೇನ ಅಲ್ಲಿ?" ಎಂದಳು. ನನಗೂ ಅದೇ ಅನಿಸಿತ್ತು. ರೂಮಿನವರಲ್ಲಿ ಯಾರದಾದರೂ ಅಂಗಿ ಸಿಗುತ್ತಿತ್ತು. ಅಲ್ಲಿ ಸ್ಟುಡಿಯೋಗಳೂ ಇದ್ದಾವು.

ಎಡದ ಬೆಳಕಿನ ಅಂಗಿಯನ್ನು ತೆರೆದೆ. ಅಣ್ಣನ ಮುಖವನ್ನು ಅಣ್ಣನದೇ ಹೆಗಲ ಮೇಲೆ ಇಟ್ಟೆ. ಇದರಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ ಅಂದುಕೊಂಡಿದ್ದೆ. ಆದರೆ ಹೊಂದಲಿಲ್ಲ. ಕಾಲರಿನ ಒಳಗೆ ಕುತ್ತಿಗೆಯ ಎರಡೂ ಬದಿಗೆ ಖಾಲಿ ಜಾಗ ಉಳಿಯಿತು. ಹೆಗಲು ಆ ಮುಖಕ್ಕೆ ಬಹಳ ಅಗಲವಾಯಿತು. ಇನ್ನೊಬ್ಬನ ಅಂಗಿ ಇಸಿದುಕೊಂಡು ತೊಟ್ಟವನ ಹಾಗೆ ಕಂಡ. ಎಷ್ಟೋ ಜನರಿಗೆ ಒಪ್ಪಿದ ಅಂಗಿ ಅವನಿಗೇ ದೊಡ್ಡದಾಗಿತ್ತು.

ಅವ್ವ ತೆರೆಯ ಹತ್ತಿರ ಬಾಗಿದಳು. "ಎಷ್ಟು ಸೊರಗ್ಯಾನ" ಎಂದಳು. ನಾನು ಅಂಗಿಯನ್ನು ಕಿರಿದು ಮಾಡಲು ಶುರುಮಾಡಿದ ಕೂಡಲೇ ನನ್ನ ಕೈ ಹಿಡಿದಳು.

"ಅಂಗಿ ಸಣ್ಣ ಮಾಡಬ್ಯಾಡ ಯವ್ವಾ. ಕೆನ್ನಿ ತುಂಬಸು. ನಿನಗ ಬರತೈತಲ್ಲ."

ಬರುತ್ತಿತ್ತು. ಮದುವೆಯ ಫೋಟೋಗಳಲ್ಲಿ ಎಷ್ಟು ಜನರಿಗೆ ಮಾಡಿದ್ದೇನೆ. ಕೆನ್ನೆಯನ್ನು ಸ್ವಲ್ಪ ಹೊರಗೆ ತಂದು, ತುಟಿಯ ತುದಿಯನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಮಕ್ತಲದ ಅಣ್ಣ ವಾಪಸು ಬರುತ್ತಿದ್ದ. ನನಗೂ ಆಸೆಯಾಯಿತು. ಅವ್ವನಿಗಿಂತ ಹೆಚ್ಚೇ ಆಯಿತೇನೋ.

"ಅವ್ವಾ, ಇದು ಕಾರ್ಡಿಗೆ. ಗೇಟಿನಾಗ ನಿಂತವರು ಕಾರ್ಡು ನೋಡಿ ಮುಖ ನೋಡ್ತಾರ. ಬ್ಯಾರೆ ಕಂಡ್ರ ಅವನನ್ನ ಒಳಗ ಬಿಡಂಗಿಲ್ಲ."

"ಬಿಡದಿದ್ರ ಇಲ್ಲಿ ಬರ್ತಾನ" ಎಂದಳು ಅವ್ವ.

ಅವಳೇ ಸ್ವಲ್ಪ ಹೊತ್ತಿಗೆ ಕೈ ಬಿಟ್ಟು, "ಮಾಡು, ಮಾಡು. ಕೆಲಸದ ವಿಷಯ" ಎಂದು ಬೆಂಚಿಗೆ ಹೋಗಿ ಕೂತಳು.

ಅಂಗಿಯನ್ನು ಕುತ್ತಿಗೆಗೆ ತಕ್ಕಷ್ಟು ಕಿರಿದು ಮಾಡಿದೆ. ಹೆಗಲನ್ನು ಒಳಗೆ ತಂದೆ. ಬಲ ಹೆಗಲಿನ ಇಳಿತವನ್ನು ಮಾತ್ರ ಹಾಗೇ ಉಳಿಸಿದೆ, ಟೀ-ಶರ್ಟಿನಲ್ಲೂ ಅದು ಹಾಗೇ ಇತ್ತು. ದವಡೆಯ ಕೆಳಗೆ ಬಿದ್ದಿದ್ದ ಕಿತ್ತಳೆ ಛಾಯೆಯನ್ನು ತೆಗೆದೆ. ಅದನ್ನು ತೆಗೆಯಲು ಮುಖವನ್ನು ಬಹಳ ದೊಡ್ಡದು ಮಾಡಿ ನೋಡಬೇಕಾಗುತ್ತದೆ. ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ. ಗದ್ದದ ಕೆಳಗೆ ಎರಡು ಬಿಳಿ ಕೂದಲು ಕಂಡವು. ಹತ್ತಿರ ಕೂತು ಚಹಾ ಕುಡಿಯುತ್ತಿದ್ದಾಗ ಕೂಡ ಅವನ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೆಲಸ ಬೇಗ ಮುಗಿಯುವಂಥದ್ದೇ. ಮುಗಿಸಲು ಮನಸ್ಸಾಗದೆ, ಗೋಡೆಯ ಒಂದು ಮೂಲೆಯ ಮಬ್ಬನ್ನು ಸಮ ಮಾಡುತ್ತ ಕೂತೆ.

ಕಳಿಸಿದೆ. ಅವನು ಆ ಕ್ಷಣದಲ್ಲೇ ಫೋನು ಮಾಡಿದ.

"ಇದು ನಂದ ಅಂಗಿ ಅಲ್ಲೇನ?" ಎಂದ. ದನಿಯಲ್ಲಿ ನಗು ಇತ್ತು.

"ನಿಂದ. ಸಡ್ಲ ಆಗಿತ್ತು, ಸಣ್ಣ ಮಾಡೀನಿ."

ಮತ್ತೆ ನಾನೇ ಕೇಳಿದೆ: "ಅಲ್ಲಿ ಯಾರೂ ಮಾಡಿ ಕೊಡ್ತಿದ್ದಿಲ್ಲೇನ ಅಣ್ಣಾ?"

"ಕೊಡ್ತಿದ್ರು. ನೀನ ಮಾಡ್ಬೇಕು ಅನಿಸ್ತು. ಹೆಂಗಾದ್ರೂ ಒಮ್ಮೆ ನನ್ನ ಮುಖ ನೋಡ್ತೀರಲ್ಲ ನೀವಿಬ್ಬರೂ." ಅದಾದ ಮೇಲೆ ವಿಷಯಕ್ಕೆ ಬಂದ. "ತಂಗೀ, ಹೊಸ ಕಾರ್ಡು ಯಾಕಂದ್ರ, ಕರಾರು ಇನ್ನೆರಡು ವರ್ಷ ಮುಂದಕ್ಕ ಹಾಕ್ಯಾರ. ನಾನೂ ಹೂಂ ಅಂದೀನಿ. ಅವ್ವಗ ನೀನ ಹೇಳು."

ಹೊಸ ಕಾರ್ಡು ಬೇಕೆಂದ ಮೇಲೂ ಅವನು ಊರಿಗೆ ಬರುತ್ತಾನೆಂದೇ ನಾವು ಯಾಕೆ ಅಂದುಕೊಂಡೆವೋ. ಹೊರಡುವ ಮೊದಲು ಹೇಳಿದ್ದು ಬಿಟ್ಟರೆ ಅವನು ಹಾಗೆ ಮತ್ತೆ ಹೇಳಿರಲಿಲ್ಲ. ನಾನು ತಿರುಗಿ ನೋಡಿದೆ. ಅವ್ವನಿಗೆ ಹೇಳುವ ಅಗತ್ಯವಿರಲಿಲ್ಲ. ಅಂಗಡಿ ಚಿಕ್ಕದು, ಫೋನಿನ ದನಿ ಜೋರು. ಅವಳು ಎದ್ದು ಬಂದು ಫೋನು ಇಸಿದುಕೊಂಡಳು. ಬೈಯಲಿಲ್ಲ. "ಊಟ ಮಾಡಿಯೇನಪ್ಪಾ?" ಎಂದು ಕೇಳಿದಳು. "ಜ್ವಾಳದ ಹಿಟ್ಟು ಸಿಗತೈತೇನ ಅಲ್ಲಿ?" ಎಂದು ಕೇಳಿದಳು. ಅವನು ಏನೋ ಹೇಳುತ್ತಿದ್ದ. ಇವಳು ತೆರೆಯ ಮೇಲಿನ ಅವನ ಮುಖವನ್ನು ನೋಡುತ್ತ ಹೂಂಗುಡುತ್ತಿದ್ದಳು.

ಫೋನು ಇಟ್ಟ ಮೇಲೆ ನನಗೆ ಹೇಳಿದಳು: "ಭಾಳ ಚಂದ ಮಾಡೀದಿ. ಇನ್ನೆರಡು ವರ್ಷ ಆತು."

ಅದು ಮೆಚ್ಚುಗೆಯೋ ದೂರೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಅವಳು ಒಂದು ಫೋಟೋ ಕೇಳಿದಳು. ಅಂಗಿಯದ್ದನ್ನು ಪ್ರಿಂಟ್ ಹಾಕಲು ಹೋದರೆ ಬೇಡವೆಂದಳು. ಟೀ-ಶರ್ಟಿನದೇ ಬೇಕು. "ಅವ ಹ್ಯಾಂಗ ಅದಾನೋ ಹಂಗ ಇರ್ಲಿ" ಎಂದಳು. ದೊಡ್ಡದಾಗಿ ಪ್ರಿಂಟ್ ಹಾಕಿ ಕೊಟ್ಟೆ. ಹೊಸ ಸುಣ್ಣದ ಗೋಡೆಯ ಮೇಲೆ ಅದೊಂದೇ ಕಿತ್ತಳೆ ಬಣ್ಣ.

ಆ ಎರಡು ವರ್ಷ ಮುಗಿದ ಮೇಲೆ ಅವನು ರಜೆಗೆ ಬಂದ. ಹೆಣ್ಣು ನೋಡಿದೆವು, ನಾರಾಯಣಪೇಟೆಯಲ್ಲೇ ಮದುವೆಯಾಯಿತು. ರಜೆ ತೀರಿದ ಮೇಲೆ ಮತ್ತೆ ಹೋದ. ಅತ್ತಿಗೆ ಈಗ ಅವ್ವನ ಜೊತೆ ಇದ್ದಾಳೆ. ಅಂಗಡಿಗೂ ಬರುತ್ತಾಳೆ, ಕತ್ತರಿಸುವುದು, ಕವರಿಗೆ ಹಾಕುವುದು ಕಲಿತಿದ್ದಾಳೆ. ಅಂಗಿ ಬದಲಿಸಲು ಈಗ ಫೋನಿನಲ್ಲೇ ಏನೇನೋ ಬಂದಿವೆ, ಒಂದು ಗುಂಡಿ ಒತ್ತಿದರೆ ಆಗುತ್ತದಂತೆ. ಹಾಗೆ ಮಾಡಿಕೊಂಡು ಬಂದವರ ಫೋಟೋದಲ್ಲಿ ಕೆಲವೊಮ್ಮೆ ಮುಖವೂ ಬದಲಾಗಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಆ ಫೋಟೋ ನಡೆಯದೆ ವಾಪಸು ಬಂದವರಿಗೆ ನಾನು ಮಾಡಿ ಕೊಡುತ್ತೇನೆ.

ಈಗ ಅಣ್ಣನ ರೂಮಿನಲ್ಲಿ ನೆಟ್ ಚೆನ್ನಾಗಿ ಬರುತ್ತದೆ. ಶುಕ್ರವಾರ ಅವನಿಗೆ ರಜೆ. ವಿಡಿಯೋದಲ್ಲಿ ಅತ್ತಿಗೆಯ ಜೊತೆ, ಅವ್ವನ ಜೊತೆ ಮಾತಾಡಿ ಕೊನೆಗೆ ನನ್ನನ್ನು ಕರೆಯುತ್ತಾನೆ. "ತಂಗೀ, ಫೋನು ಬೀದಿ ಕಡೆ ಹಿಡಿ" ಎನ್ನುತ್ತಾನೆ. ನಾನು ಶಟರಿನ ಕಂಬಕ್ಕೆ ಒರಗಿ ಫೋನನ್ನು ಬಸ್‌ಸ್ಟ್ಯಾಂಡಿನ ಕಡೆಗೆ ಹಿಡಿಯುತ್ತೇನೆ. ರಾಯಚೂರಿನ ಬಸ್ಸು ಬರುತ್ತದೆ. ಗದ್ವಾಲದ ಬಸ್ಸು ತಿರುಗಿಕೊಂಡು ಹೋಗುತ್ತದೆ. ಸೀತಾಫಲದ ಬುಟ್ಟಿಯವಳು ನೆರಳಿಗೆ ಸರಿದು ಕೂರುತ್ತಾಳೆ. ಅವನು ನೋಡುತ್ತಿರುತ್ತಾನೆ. ಕೈ ನೋಯುತ್ತದೆ, ಇನ್ನೊಂದು ಕೈಗೆ ಬದಲಿಸುತ್ತೇನೆ. ಅವನ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳುತ್ತಿರುತ್ತದೆ. "ಇನ್ನೂ ಅದೀ ಏನಣ್ಣಾ?" ಎಂದು ಕೇಳುತ್ತೇನೆ. "ಅದೀನಿ, ಇನ್ನೊಂದೀಟು ಹಿಡಿ" ಎನ್ನುತ್ತಾನೆ.